ಕರೆಂಟು, ಡೇಟಾ, ಓಟಿಪಿ: ಆರು ಜನರ ಆಫೀಸಿಗೆ ‘ಕಂಟಿನ್ಯುಯಿಟಿ ಪ್ಲಾನ್’ ಮಾಡಿ ಮುಗಿಸಿದ ಕಥೆ

ಸಾಗರದಲ್ಲಿ ನಮ್ಮದೊಂದು ಸಣ್ಣ ತೆರಿಗೆ ಸಲಹಾ ಕಚೇರಿ. ನಾನೂ ಸೇರಿ ಆರು ಜನ. ಅಡಿಕೆ ಮಂಡಿಗಳು, ಹಾರ್ಡ್‌ವೇರ್ ಅಂಗಡಿಗಳು, ಒಂದಿಷ್ಟು ಗುತ್ತಿಗೆದಾರರು, ಎರಡು ಮೂರು ಪ್ರೈವೇಟ್ ಲಿಮಿಟೆಡ್ ಕಂಪನಿಗಳ ಲೆಕ್ಕಪತ್ರ, ಜಿಎಸ್‌ಟಿ, ಟಿಡಿಎಸ್, ಪಿಎಫ್ ಕೆಲಸ ನಮ್ಮದು. ಬೇಸಿಗೆ ಶುರುವಾಗುವ ಹೊತ್ತಿಗೆ ಆ ಕಂಪನಿಗಳಲ್ಲೊಂದರಿಂದ ಒಂದು ಪ್ರಶ್ನಾವಳಿ ಬಂತು. ಅವರ ಲೆಕ್ಕ ನಮ್ಮ ಕೈಯಲ್ಲಿರುವುದರಿಂದ, ನಮ್ಮ ಕೆಲಸ ನಿಂತರೆ ಅವರದ್ದೂ ನಿಲ್ಲುತ್ತದೆ ಅನ್ನುವುದು ಅವರ ಆಡಿಟರ್ ಕಳವಳ. ‘ಕರೆಂಟು ಹೋದರೆ, ಡೇಟಾ ಹೋದರೆ, ಮುಖ್ಯ ಸಿಬ್ಬಂದಿ ಬರದಿದ್ದರೆ ಏನು ಮಾಡುತ್ತೀರಿ? ಬರೆದಿಟ್ಟ ಯೋಜನೆಯ ಪ್ರತಿ ಕೊಡಿ. ಕೊನೆಯ ಸಲ ಅದನ್ನು ಪರೀಕ್ಷಿಸಿದ ದಾಖಲೆಯನ್ನೂ ಕೊಡಿ’ ಎಂದಿತ್ತು. ಕೊಡದಿದ್ದರೆ ಒಪ್ಪಂದ ಮುಂದುವರಿಸುವುದು ಕಷ್ಟ ಅಂತ ಫೋನಿನಲ್ಲೂ ಹೇಳಿದರು.

ಆ ಕೆಲಸ ಮುಗಿದಿದ್ದು ಮಳೆಗಾಲ ಹಿಡಿದ ಮೇಲೆ. ನಮ್ಮಂಥ ಸಣ್ಣ ಆಫೀಸಿನವರಿಗೆ ಈ ಪ್ರಶ್ನಾವಳಿ ಈಗೀಗ ಹೆಚ್ಚು ಬರುತ್ತಿದೆ ಅಂತ ಬೇರೆ ಊರಿನ ಸ್ನೇಹಿತರೂ ಹೇಳುತ್ತಿದ್ದಾರೆ. ಹಾಗಾಗಿ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು ಇಂಟರ್ನೆಟ್ಟಿನಲ್ಲಿ ಸಿಗುವ ಮಾದರಿ ಕಡತಗಳನ್ನು ಇಳಿಸಿಕೊಂಡೆ. ಐಎಸ್‌ಒ 22301 ಅಂತ ಇದಕ್ಕೊಂದು ಅಂತರರಾಷ್ಟ್ರೀಯ ಮಾನದಂಡವೇ ಇದೆ. ಮಾದರಿಗಳೆಲ್ಲ ಅದರ ಹಾದಿಯಲ್ಲೇ ಸಾಗುತ್ತವೆ. ನಲವತ್ತು ಐವತ್ತು ಪುಟ, ಬಿಕ್ಕಟ್ಟು ನಿರ್ವಹಣಾ ಸಮಿತಿ, ಮಾಧ್ಯಮ ವಕ್ತಾರ. ಆರು ಜನರ ಆಫೀಸಿನಲ್ಲಿ ಸಮಿತಿಯೆಂದರೆ ಯಾರು? ಆದರೆ ಅವುಗಳಲ್ಲಿದ್ದ ಎರಡು ಪ್ರಶ್ನೆಗಳು ಮಾತ್ರ ನಮಗೆ ನಿಜಕ್ಕೂ ಬೇಕಾದವು. ಒಂದು ಕೆಲಸ ಎಷ್ಟು ಹೊತ್ತು ನಿಂತರೆ ತಡೆದುಕೊಳ್ಳಬಹುದು? ಎಷ್ಟು ಹೊತ್ತಿನ ಎಂಟ್ರಿ ಕಳೆದುಹೋದರೆ ಮತ್ತೆ ಹೊಡೆದು ಸರಿಮಾಡಿಕೊಳ್ಳಬಹುದು? ಮೊದಲನೆಯದಕ್ಕೆ ಆರ್‌ಟಿಒ, ಎರಡನೆಯದಕ್ಕೆ ಆರ್‌ಪಿಒ ಅನ್ನುತ್ತಾರೆ. ಪ್ರಶ್ನಾವಳಿಯಲ್ಲಿ ಈ ಎರಡು ಹೆಸರು ಕಂಡರೆ ಗಾಬರಿ ಬೇಡ, ಇಷ್ಟೇ ಅರ್ಥ.

ಉತ್ತರ ಹುಡುಕಲು ಗೋಡೆಯ ಕ್ಯಾಲೆಂಡರ್ ಮುಂದೆ ಕೂತೆವು. ನಮ್ಮ ತಿಂಗಳು ತಾರೀಖುಗಳ ಮೇಲೆ ನಡೆಯುತ್ತದೆ. 7ಕ್ಕೆ ಟಿಡಿಎಸ್ ಕಟ್ಟಬೇಕು. 11ಕ್ಕೆ ಮಾರಾಟದ ಬಿಲ್ಲುಗಳ ವಿವರ ಕೊಡುವ ಜಿಎಸ್‌ಟಿಆರ್-1. 15ಕ್ಕೆ ಪಿಎಫ್, ಇಎಸ್‌ಐ. 20ಕ್ಕೆ ತಿಂಗಳ ತೆರಿಗೆ ಲೆಕ್ಕ ಕೊಟ್ಟು ಕಟ್ಟುವ ಜಿಎಸ್‌ಟಿಆರ್-3ಬಿ. 3ಬಿ ತಡವಾದರೆ ತೆರಿಗೆ ಇರುವವರಿಗೆ ದಿನಕ್ಕೆ 50 ರೂಪಾಯಿ ತಡ ಶುಲ್ಕ, ಜೊತೆಗೆ ಕಟ್ಟಬೇಕಾದ ತೆರಿಗೆಗೆ ವರ್ಷಕ್ಕೆ ಶೇ. 18ರ ಬಡ್ಡಿ. ಆದರೆ ನಮ್ಮ ಗಿರಾಕಿಗಳಿಗೆ ಹೆಚ್ಚು ನೋವಾಗುವುದು 11 ತಪ್ಪಿದಾಗ. ಮಂಡಿಯವರ ಜಿಎಸ್‌ಟಿಆರ್-1 ಆ ದಿನ ಹೋಗದಿದ್ದರೆ, 14ಕ್ಕೆ ತಯಾರಾಗುವ ಖರೀದಿದಾರನ ಜಿಎಸ್‌ಟಿಆರ್-2ಬಿಯಲ್ಲಿ ಆ ಬಿಲ್ಲು ಕಾಣುವುದಿಲ್ಲ. ಖರೀದಿಯಲ್ಲಿ ಕೊಟ್ಟ ತೆರಿಗೆಗೆ ಅವನಿಗೆ ಸಿಗಬೇಕಾದ ಇನ್‌ಪುಟ್ ಕ್ರೆಡಿಟ್ ಒಂದು ತಿಂಗಳು ಮುಂದಕ್ಕೆ ಹೋಗುತ್ತದೆ. ಅವನು ಮಂಡಿಯವರಿಗೆ ಫೋನ್ ಮಾಡುತ್ತಾನೆ, ಮಂಡಿಯವರು ನಮಗೆ.

ಹೀಗೆ ನೋಡಿದಾಗ ಉತ್ತರ ತಾನಾಗಿ ಬಂತು. ತಿಂಗಳ 23ರಿಂದ ಮುಂದಿನ 4ರವರೆಗೆ ಎರಡು ದಿನ ಆಫೀಸು ನಿಂತರೂ ಯಾರಿಗೂ ನಷ್ಟವಿಲ್ಲ. 10, 11, 19, 20ರಂದು ನಾಲ್ಕು ಗಂಟೆ ನಿಂತರೂ ಕಷ್ಟ. ಎಂಟ್ರಿ ಮಾತ್ರ ಒಂದು ದಿನದ್ದು ಹೋದರೆ ಮತ್ತೆ ಹೊಡೆಯಬಹುದು, ಅದಕ್ಕಿಂತ ಹೆಚ್ಚು ಹೋಗಕೂಡದು. ಯೋಜನೆಯ ಮೊದಲ ಪುಟ ಅಷ್ಟೇ. ಇದೇ ಕೆಲಸ ಹಿಡಿದವರು ದಯವಿಟ್ಟು ಬ್ಯಾಟರಿ, ಹಾರ್ಡ್‌ಡಿಸ್ಕ್ ಕೊಳ್ಳುವ ಮೊದಲು ಈ ಪುಟ ಬರೆದುಕೊಳ್ಳಿ. ಎಷ್ಟು ಖರ್ಚು ಮಾಡಬೇಕು ಅನ್ನುವುದನ್ನು ಇದೇ ಹೇಳುತ್ತದೆ.

ಇನ್ನು ಕರೆಂಟು. ಮಲೆನಾಡಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿತ್ತು, ಲೈನು ಹರಿಯಿತು ಅನ್ನುವುದು ಸಾಮಾನ್ಯ. ನಮ್ಮಲ್ಲಿ ಇನ್ವರ್ಟರ್ ಇತ್ತು, 150 ಎಎಚ್‌ನ ಒಂದು ಟ್ಯೂಬ್ಯುಲರ್ ಬ್ಯಾಟರಿಯೂ ಇತ್ತು. ‘ಮೂರು ನಾಲ್ಕು ತಾಸು ಆರಾಮಾಗಿ ಬರುತ್ತೆ’ ಅಂತ ಎಲ್ಲರ ನಂಬಿಕೆ. ಬರೆಯುವ ಮೊದಲು ಒಂದು ಬೆಳಿಗ್ಗೆ, ಎಲ್ಲ ಕೆಲಸ ಮಾಮೂಲಿಯಾಗಿ ನಡೆಯುತ್ತಿರುವಾಗ, ಮೇನ್ ಸ್ವಿಚ್ ಆರಿಸಿ ಗಡಿಯಾರ ನೋಡುತ್ತಾ ಕೂತೆ. ಒಂದು ಗಂಟೆ ತುಂಬುವ ಮೊದಲೇ ಇನ್ವರ್ಟರ್ ಕೂಗಿಕೊಂಡು ನಿಂತಿತು.

ಕಾರಣ ತಿಳಿಯಲು ಎಲೆಕ್ಟ್ರಿಷಿಯನ್ ಅಣ್ಣನನ್ನು ಕರೆಸಿ ಲೆಕ್ಕ ಹಾಕಿದೆವು. 12 ವೋಲ್ಟ್, 150 ಎಎಚ್ ಅಂದರೆ ಕಾಗದದ ಮೇಲೆ 1,800 ವ್ಯಾಟ್-ಅವರ್. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡುವಂತಿಲ್ಲ, ಇನ್ವರ್ಟರ್ ಕೂಡ ಒಂದಷ್ಟು ತಿನ್ನುತ್ತದೆ. ಹೊಸ ಬ್ಯಾಟರಿಯಿಂದಲೂ ಕೈಗೆ ಸಿಗುವುದು 1,100ರ ಆಸುಪಾಸು. ನಮ್ಮ ಲೋಡು ಹೀಗಿತ್ತು: ಸರ್ವರ್ ಕಂಪ್ಯೂಟರ್ 110 ವ್ಯಾಟ್, ಇನ್ನೊಂದು ಡೆಸ್ಕ್‌ಟಾಪ್ 110, ಎರಡು ಲ್ಯಾಪ್‌ಟಾಪ್ ಸೇರಿ 100, ಎರಡು ಫ್ಯಾನು 120, ದೀಪ 30, ಇಂಟರ್ನೆಟ್ ಡಬ್ಬಿ 15. ಒಟ್ಟು 485 ವ್ಯಾಟ್. ಹೊಸ ಬ್ಯಾಟರಿಗೇ ಎರಡೂಕಾಲು ಗಂಟೆ. ನಮ್ಮದು ನಾಲ್ಕು ವರ್ಷ ದಾಟಿದ ಬ್ಯಾಟರಿ. ಡಿಸ್ಟಿಲ್ಡ್ ವಾಟರ್ ಹಾಕುತ್ತಾ ಬಂದಿದ್ದರೂ ಅದರ ಶಕ್ತಿ ಅರ್ಧಕ್ಕಿಂತ ಕೆಳಗಿಳಿದಿತ್ತು.

ಹೊಸ ಬ್ಯಾಟರಿ ಹಾಕಿಸಿದೆವು. ಆದರೆ ಅದಕ್ಕಿಂತ ಉಪಯೋಗವಾಗಿದ್ದು ಲೋಡನ್ನು ಎರಡು ಪಾಲು ಮಾಡಿದ್ದು. ಕರೆಂಟು ಹೋಗಿ ಹದಿನೈದು ನಿಮಿಷವಾದರೂ ಬರದಿದ್ದರೆ ಸರ್ವರ್, ಒಂದು ಲ್ಯಾಪ್‌ಟಾಪ್, ಇಂಟರ್ನೆಟ್, ಒಂದು ದೀಪ ಬಿಟ್ಟು ಉಳಿದದ್ದನ್ನೆಲ್ಲ ಒಂದೇ ಸ್ವಿಚ್ಚಿನಲ್ಲಿ ಆರಿಸುತ್ತೇವೆ. ಆಗ ಲೋಡು 185 ವ್ಯಾಟ್‌ಗೆ ಇಳಿಯುತ್ತದೆ, ಅದೇ ಬ್ಯಾಟರಿ ಸುಮಾರು ಆರು ಗಂಟೆ ಬರುತ್ತದೆ. ಇದಕ್ಕಾಗಿ ವೈರಿಂಗ್ ಸ್ವಲ್ಪ ಬದಲಾಯಿಸಬೇಕಾಯಿತು, ಅಷ್ಟೇ.

ಇಲ್ಲಿ ಎರಡು ತೊಡಕು ಎದುರಾದವು. ಒಂದು ಲೇಸರ್ ಪ್ರಿಂಟರ್. ಅದರೊಳಗಿನ ಫ್ಯೂಸರ್ ಬಿಸಿಯಾಗುವ ಹೊತ್ತಿಗೆ ಕೆಲವು ಕ್ಷಣ 800-1,000 ವ್ಯಾಟ್ ಎಳೆಯುತ್ತದೆ. ಇನ್ವರ್ಟರ್ ಓವರ್‌ಲೋಡ್ ಅಂತ ಟ್ರಿಪ್ ಆಗಿ, ಅದರ ಜೊತೆ ಸರ್ವರ್ರೂ ಆರಿತು. ಪ್ರಿಂಟರ್ ಈಗ ನೇರ ಮೇನ್ ಲೈನಿನಲ್ಲಿದೆ, ಕರೆಂಟು ಇಲ್ಲದಾಗ ಪಿಡಿಎಫ್ ಅಷ್ಟೇ. ಇನ್ನೊಂದು ಸರ್ವರಿನ ಪಕ್ಕದ ಸಣ್ಣ ಯುಪಿಎಸ್. ಮೇನ್ಸ್‌ನಿಂದ ಇನ್ವರ್ಟರ್‌ಗೆ ಬದಲಾಗುವ ಕ್ಷಣದಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗದಂತೆ ಕಾಯುವುದು ಅದರ ಕೆಲಸ. ಟ್ಯಾಲಿ ತೆರೆದಿರುವಾಗ ಹಾಗೆ ಆರಿದರೆ ಡೇಟಾ ಕೆಡುವ ಸಾಧ್ಯತೆ ಇರುವುದರಿಂದ ಅದು ಇರಲೇಬೇಕು. ಅದರೊಳಗಿನ 7 ಎಎಚ್ ಬ್ಯಾಟರಿ ಸತ್ತು ಎಷ್ಟು ಕಾಲವಾಗಿತ್ತೋ, ಹಸಿರು ದೀಪ ಮಾತ್ರ ಉರಿಯುತ್ತಿತ್ತು. ಎರಡು ಮೂರು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಸತ್ತಿದೆಯೋ ಇಲ್ಲವೋ ತಿಳಿಯಲು ಯುಪಿಎಸ್ ಪ್ಲಗ್ ಕಿತ್ತು ನೋಡುವುದು ಸುಲಭದ ದಾರಿ. ಕೀಳುವ ಮೊದಲು ಟ್ಯಾಲಿ ಮುಚ್ಚಿರಿ.

ಆರು ಗಂಟೆ ಬ್ಯಾಟರಿ ಬಂದರೂ ಇಂಟರ್ನೆಟ್ ಅಷ್ಟು ಹೊತ್ತು ಬರುತ್ತದೆಯೇ? ನಮ್ಮ ಡಬ್ಬಿಗೆ ಕರೆಂಟು ಕೊಡಬಹುದು, ಬೀದಿಯ ಆಚೆ ಕೇಬಲ್‌ನವರ ಪೆಟ್ಟಿಗೆಗೆ ನಾವು ಕೊಡಲಾಗದು. ಮೊಬೈಲ್ ಟವರ್ ಬ್ಯಾಟರಿಯೂ ಕೆಲವು ಗಂಟೆಗಳ ಮೇಲೆ ಕೈಕೊಡುತ್ತದೆ. ಹಾಗಾಗಿ ಬೇರೆ ಕಂಪನಿಯ ಎರಡನೇ ಸಿಮ್ ಇಟ್ಟೆವು. ಅದಕ್ಕೂ ಮೀರಿ ಊರಿಗೆ ಊರೇ ಕತ್ತಲಾದರೆ ಅಂತ ಶಿವಮೊಗ್ಗದಲ್ಲಿ ಇದೇ ಕೆಲಸ ಮಾಡುವ ಸ್ನೇಹಿತರೊಬ್ಬರ ಜೊತೆ ಒಂದು ಪುಟದ ಪತ್ರ ಮಾಡಿಕೊಂಡೆವು. ನಮಗೆ ತೊಂದರೆಯಾದರೆ ಅವರ ಆಫೀಸಿನಲ್ಲಿ ಎರಡು ಮೇಜು, ಅವರಿಗಾದರೆ ನಮ್ಮಲ್ಲಿ ಎರಡು. ಪರಸ್ಪರರ ಗಿರಾಕಿಗಳ ಕಡತ ನೋಡುವಂತಿಲ್ಲ, ನಕಲು ಮಾಡುವಂತಿಲ್ಲ ಅಂತಲೂ ಬರೆದುಕೊಂಡೆವು.

ಆ ಪತ್ರಕ್ಕಿಂತ ಮುಖ್ಯವಾದದ್ದು ಅಲ್ಲಿಗೆ ಯಾವಾಗ ಹೊರಡಬೇಕು ಅನ್ನುವ ಸಾಲು. ‘ಪರಿಸ್ಥಿತಿ ನೋಡಿಕೊಂಡು’ ಅಂತ ಬರೆದರೆ, ಎಲ್ಲರೂ ‘ಇನ್ನರ್ಧ ಗಂಟೆ ನೋಡೋಣ’ ಅನ್ನುತ್ತಾ ಸಂಜೆ ಮಾಡುತ್ತಾರೆ. ನಮ್ಮಲ್ಲಿ ಈಗ ಹೀಗಿದೆ: 10 ಅಥವಾ 19ರಂದು ಮಧ್ಯಾಹ್ನ ಎರಡರವರೆಗೆ ಕರೆಂಟು ಬರದಿದ್ದರೆ, 1912ಕ್ಕೆ ಫೋನ್ ಮಾಡಿ ಕೇಳಿ, ಸರಿಯಾದ ಉತ್ತರ ಸಿಗದಿದ್ದರೆ ಮೂರರ ಒಳಗೆ ಇಬ್ಬರು ಚೀಲ ಹಿಡಿದು ಹೊರಡುವುದು. ಯಾರನ್ನೂ ಕೇಳಬೇಕಾಗಿಲ್ಲ. ಕೊನೆಯ ದಿನಕ್ಕೆ ಒಂದು ದಿನ ಮೊದಲೇ ಹೊರಡುವುದು ಯಾಕೆಂದರೆ, ಮಳೆಯಲ್ಲಿ ಸುಮಾರು 70 ಕಿಲೋಮೀಟರ್ ದಾರಿಯನ್ನೂ ನಂಬುವಂತಿಲ್ಲ.

ಎರಡನೆಯದು ಡೇಟಾ. ದಿನಾ ಸಂಜೆ ಸರ್ವರಿಗೆ ಚುಚ್ಚಿದ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಬ್ಯಾಕಪ್ ಹೋಗುತ್ತಿತ್ತು. ಪ್ರಶ್ನಾವಳಿಗೆ ‘ಹೌದು, ದಿನಾ ಬ್ಯಾಕಪ್ ಇದೆ’ ಅಂತ ಬರೆದರೆ ಸುಳ್ಳಾಗುತ್ತಿರಲಿಲ್ಲ. ಆದರೆ ಅವರು ಕೇಳಿದ್ದು ಅದನ್ನಲ್ಲ, ಕೊನೆಯ ಸಲ ರಿಸ್ಟೋರ್ ಮಾಡಿ ನೋಡಿದ್ದು ಯಾವಾಗ ಅಂತ.

ಒಂದು ಶನಿವಾರ, ಸರ್ವರ್ ಸುಟ್ಟುಹೋಗಿದೆ ಅಂತ ಭಾವಿಸಿಕೊಂಡು, ಆ ಡಿಸ್ಕು ಮತ್ತು ಒಂದು ಲ್ಯಾಪ್‌ಟಾಪ್ ಅಷ್ಟನ್ನೇ ಮೇಜಿನ ಮೇಲಿಟ್ಟುಕೊಂಡು ಕೂತೆವು. ಡೇಟಾ ತೆರೆಯಿತು, ಹಿಂದಿನ ದಿನದ ಎಂಟ್ರಿಗಳೂ ಇದ್ದವು. ನಿಟ್ಟುಸಿರು ಬಿಟ್ಟೆವು. ಒಂದು ವೋಚರ್ ಹೊಡೆಯಲು ಹೋದರೆ ತಾರೀಖು ತೆಗೆದುಕೊಳ್ಳಲಿಲ್ಲ. ಲೈಸೆನ್ಸ್ ಇದ್ದಿದ್ದು ಸರ್ವರಿನಲ್ಲಿ. ಲ್ಯಾಪ್‌ಟಾಪಿನಲ್ಲಿ ಟ್ಯಾಲಿ ಎಜುಕೇಶನಲ್ ಮೋಡ್‌ನಲ್ಲಿ ತೆರೆದಿತ್ತು. ಆ ಮೋಡ್‌ನಲ್ಲಿ ತಿಂಗಳ 1, 2 ಮತ್ತು ಕೊನೆಯ ತಾರೀಖಿಗಷ್ಟೇ ಎಂಟ್ರಿ ಹೊಡೆಯಬಹುದು. ಲೈಸೆನ್ಸನ್ನು ಬೇರೆ ಕಂಪ್ಯೂಟರಿಗೆ ತರಬೇಕಾದರೆ ಮೊದಲು ಹಳೆಯದರಲ್ಲಿ ಸರೆಂಡರ್ ಮಾಡಬೇಕು. ಹಳೆಯದು ಸುಟ್ಟಿದ್ದರೆ ಅದು ಆಗದು, ಆಗ ಲೈಸೆನ್ಸ್ ಖಾತೆಯ ಇಮೇಲ್ ಮೂಲಕವೇ ಬಿಡಿಸಿಕೊಳ್ಳಬೇಕು. ಆ ಇಮೇಲ್ ಯಾರದ್ದು? ವರ್ಷಗಳ ಹಿಂದೆ ಸಾಫ್ಟ್‌ವೇರ್ ಹಾಕಿಕೊಟ್ಟವರದ್ದು. ಅದನ್ನು ನಮ್ಮ ಆಫೀಸಿನ ಇಮೇಲಿಗೆ ಬದಲಾಯಿಸಿಕೊಳ್ಳಲು ಓಡಾಡಿದ್ದೇ ಒಂದು ಕಥೆ. ನೀವು ಯಾವ ಸಾಫ್ಟ್‌ವೇರ್ ಬಳಸಿದರೂ, ಲೈಸೆನ್ಸ್ ಯಾರ ಇಮೇಲಿನಲ್ಲಿದೆ ಅಂತ ಇವತ್ತೇ ನೋಡಿಕೊಳ್ಳಿ.

ಅದೇ ಶನಿವಾರ ಇನ್ನೂ ಒಂದು ಗೊತ್ತಾಯಿತು. ಬ್ಯಾಕಪ್‌ನಲ್ಲಿ ಟ್ಯಾಲಿ ಫೋಲ್ಡರ್ ಮಾತ್ರ ಇತ್ತು. ಪಿಎಫ್ ಲೆಕ್ಕದ ಎಕ್ಸೆಲ್ ಒಬ್ಬರ ಡೆಸ್ಕ್‌ಟಾಪಿನಲ್ಲಿ, ಸ್ಕ್ಯಾನ್ ಮಾಡಿದ ಬಿಲ್ಲುಗಳು ಇನ್ನೊಬ್ಬರ ಡೌನ್‌ಲೋಡ್ಸ್‌ನಲ್ಲಿ, ಗಿರಾಕಿಗಳು ಕಳಿಸಿದ ಬ್ಯಾಂಕ್ ಸ್ಟೇಟ್‌ಮೆಂಟ್‌ಗಳು ಮೂರನೆಯವರ ವಾಟ್ಸ್ಯಾಪ್‌ನಲ್ಲಿ. ಅವನ್ನೆಲ್ಲ ಸರ್ವರಿನ ಒಂದೇ ಫೋಲ್ಡರಿಗೆ ತರುವ ಕೆಲಸ ಬೇಸರದ್ದು, ದಿನಗಟ್ಟಲೆ ಹಿಡಿಯಿತು. ಆದರೆ ಅದಿಲ್ಲದೆ ಉಳಿದದ್ದೆಲ್ಲ ವ್ಯರ್ಥ.

ಡಿಸ್ಕು ಯಾವಾಗಲೂ ಸರ್ವರಿಗೆ ಅಂಟಿಕೊಂಡೇ ಇದ್ದದ್ದೂ ಅಪಾಯವೇ. ರ‍್ಯಾನ್ಸಮ್‌ವೇರ್ ಬಂದರೆ ಕಂಪ್ಯೂಟರಿನ ಜೊತೆಗೆ ಚುಚ್ಚಿದ ಡಿಸ್ಕನ್ನೂ ಬೀಗ ಹಾಕಿ ಕೂರುತ್ತದೆ. ಸಿಡಿಲು ಹೊಡೆದರೆ ಎರಡೂ ಒಟ್ಟಿಗೆ ಹೋಗುತ್ತವೆ. ಈಗ ಎರಡು ಡಿಸ್ಕುಗಳಿವೆ. ಒಂದು ಆಫೀಸಿನಲ್ಲಿ, ಇನ್ನೊಂದು ನಮ್ಮ ಮನೆಯ ಬೀರುವಿನಲ್ಲಿ. ಶುಕ್ರವಾರ ಸಂಜೆ ಅದಲುಬದಲು. ಇದಲ್ಲದೆ ಹಳೆಯ ಆವೃತ್ತಿಗಳನ್ನು ಉಳಿಸಿಡುವಂಥ ಕ್ಲೌಡ್ ಖಾತೆಯೊಂದಕ್ಕೆ ರಾತ್ರಿ ಒಂದು ನಕಲು ಹೋಗುತ್ತದೆ. ಬರೀ ‘ಸಿಂಕ್’ ಆದರೆ ಸಾಲದು, ಇಲ್ಲಿ ಕೆಟ್ಟ ಫೈಲು ಅಲ್ಲಿಯೂ ಕೆಟ್ಟೇ ಕೂರುತ್ತದೆ.

ಡಿಸ್ಕಿಗೆ ನಕಲು ಮಾಡಲು ವಿಂಡೋಸ್‌ನಲ್ಲೇ ಇರುವ ಆಜ್ಞೆ ಸಾಕು. ವಾರದ ಪ್ರತಿ ದಿನಕ್ಕೂ ಒಂದೊಂದು ಫೋಲ್ಡರ್ ಮಾಡಿಕೊಂಡಿದ್ದೇವೆ. ಸೋಮವಾರದ್ದು ಹೀಗಿದೆ:

```
robocopy "D:\Office" "E:\Backup\Mon" /E /R:1 /W:5 /LOG:"E:\Backup\Mon.txt"
```

ಓಡಿಸುವ ಮುಂಚೆ ಎಲ್ಲ ಕಂಪ್ಯೂಟರುಗಳಲ್ಲೂ ಟ್ಯಾಲಿ ಮುಚ್ಚಿರಬೇಕು. ತೆರೆದಿದ್ದರೆ ಫೈಲು ಅರ್ಧಂಬರ್ಧ ನಕಲಾಗಿ, ಬೇಕಾದ ದಿನ ತೆರೆಯದೆ ಹೋಗಬಹುದು. ಮುಗಿದ ಮೇಲೆ ಲಾಗ್ ಕಡತದ ಕೊನೆಯಲ್ಲಿ `FAILED` ಕಾಲಮ್‌ನಲ್ಲಿ ಸೊನ್ನೆ ಇದೆಯೇ ಅಂತ ನೋಡಿ ಪುಸ್ತಕದಲ್ಲಿ ಸಹಿ ಹಾಕುತ್ತಾರೆ. `/MIR` ಅನ್ನುವ ಆಯ್ಕೆಯನ್ನು ಕೆಲವರು ಹೇಳಿಕೊಡುತ್ತಾರೆ. ಅದು ಮೂಲದಲ್ಲಿ ಅಳಿಸಿದ್ದನ್ನು ನಕಲಿನಲ್ಲೂ ಅಳಿಸುತ್ತದೆ, ತಿಳಿಯದೆ ಬಳಸಬೇಡಿ. ರಿಸ್ಟೋರ್ ಮಾಡಿ ನೋಡುವಾಗಲೂ ಬೇರೆ ಖಾಲಿ ಫೋಲ್ಡರಿಗೇ ಮಾಡಿ. ಚಾಲ್ತಿಯಲ್ಲಿರುವ ಫೋಲ್ಡರಿಗೆ ಮಾಡಿದರೆ ಇವತ್ತಿನ ಲೆಕ್ಕದ ಮೇಲೆ ಹಳೆಯದು ಕೂರುತ್ತದೆ. ಡಿಸ್ಕುಗಳಿಗೆ ಬಿಟ್‌ಲಾಕರ್ ಬೀಗ ಹಾಕಿದ್ದೇವೆ, ಕಳೆದುಹೋದರೆ ಗಿರಾಕಿಗಳ ಲೆಕ್ಕ ಬೀದಿಗೆ ಬರಬಾರದು. ಅದರ ರಿಕವರಿ ಕೀ ಕಾಗದದ ಮೇಲೆ ಅಚ್ಚಾಗಿ ಬೇರೆ ಜಾಗದಲ್ಲಿದೆ.

ಇಷ್ಟರವರೆಗಿನದು ದುಡ್ಡು ಮತ್ತು ತಾಳ್ಮೆ ಇದ್ದರೆ ಆಗುವಂಥದ್ದು. ಮೂರನೆಯದು, ಅಂದರೆ ಮುಖ್ಯ ಸಿಬ್ಬಂದಿ ಇಲ್ಲದಿದ್ದರೆ ಅನ್ನುವುದು, ನನ್ನ ನಿದ್ದೆ ಕೆಡಿಸಿತು.

ನಮ್ಮ ಹಿರಿಯ ಅಕೌಂಟೆಂಟರನ್ನು ನಾವೆಲ್ಲ ಅಕ್ಕ ಅಂತಲೇ ಕರೆಯುವುದು. ಆಫೀಸು ಶುರುವಾದಾಗಿನಿಂದ ಇದ್ದಾರೆ. ‘ನೀವು ಒಂದು ವಾರ ಬರದಿದ್ದರೆ ಏನೇನು ನಿಲ್ಲುತ್ತದೆ ಅಂತ ಪಟ್ಟಿ ಮಾಡೋಣ ಅಕ್ಕಾ’ ಅಂದಾಗ ಅವರು ತುಸು ಹೊತ್ತು ಸುಮ್ಮನಿದ್ದರು. ಆಮೇಲೆ, ‘ನನ್ನ ಕೆಲಸ ಬೇರೆಯವರಿಗೆ ಕೊಡುವ ಯೋಚನೆ ಇದ್ದರೆ ನೇರ ಹೇಳಿಬಿಡಿ’ ಅಂದರು. ಅವರ ಕಣ್ಣಲ್ಲಿ ನೀರಿತ್ತು. ಹಾಗಲ್ಲ ಅಂತ ನಾನು ಎಷ್ಟು ಹೇಳಿದರೂ ಆ ದಿನ ಮಾತು ಮುಂದುವರಿಯಲಿಲ್ಲ. ಮರುದಿನ ನನ್ನ ಹೆಸರನ್ನೇ ಮೊದಲ ಸಾಲಿನಲ್ಲಿ ಬರೆದು, ನಾನು ಇಲ್ಲದಿದ್ದರೆ ಏನು ನಿಲ್ಲುತ್ತದೆ ಅಂತ ಅವರನ್ನೇ ಕೇಳಿದೆ. ಅವರು ಹೇಳಿದ್ದನ್ನು ಬರೆದುಕೊಳ್ಳುತ್ತಾ ಹೋದೆ. ಆಮೇಲೆ ಅವರೇ ತಮ್ಮದನ್ನು ಹೇಳತೊಡಗಿದರು. ಮುಖ್ಯಸ್ಥರಾದವರು ತಮ್ಮಿಂದಲೇ ಶುರುಮಾಡುವುದು ಒಳ್ಳೆಯದು, ಇಲ್ಲದಿದ್ದರೆ ಉಳಿದವರಿಗೆ ಇದು ತಮ್ಮ ಮೇಲಿನ ಅನುಮಾನದಂತೆ ಕಾಣುತ್ತದೆ.

ಆ ಪಟ್ಟಿಯಲ್ಲಿ ನಾನು ಊಹಿಸಿದ್ದ ಎಂಟ್ರಿ, ರಿಟರ್ನ್ ಎಲ್ಲ ಕೆಳಗೆ ಬಂದವು. ಮೇಲೆ ಬಂದದ್ದು ಅಕ್ಕನ ಮೊಬೈಲ್ ನಂಬರ್. ನಮ್ಮ ಕ್ಷೇತ್ರದಲ್ಲಿ ಎಷ್ಟೋ ಕಡೆ ನಡೆದುಬಂದಿರುವ ರೂಢಿ ಇದು: ಗಿರಾಕಿಗೆ ಓಟಿಪಿ ಹೇಳುವ ತಲೆನೋವು ಬೇಡ ಅಂತ, ಜಿಎಸ್‌ಟಿ ನೋಂದಣಿಯ ಕಾಲದಲ್ಲೇ ಆಫೀಸಿನವರ ನಂಬರ್ ಕೊಟ್ಟಿರುತ್ತಾರೆ. ಹತ್ತಾರು ಗಿರಾಕಿಗಳ ಓಟಿಪಿ ಅಕ್ಕನ ಸ್ವಂತ ಸಿಮ್‌ಗೆ ಬರುತ್ತಿತ್ತು. ಆ ಫೋನು ನೀರಿಗೆ ಬಿದ್ದರೆ? ಕಳೆದುಹೋದರೆ? ‘ಅದೇ ನಂಬರಿಗೆ ಡುಪ್ಲಿಕೇಟ್ ಸಿಮ್ ತಗೊಂಡರಾಯ್ತು’ ಅಂದ ನಮ್ಮ ಹುಡುಗ. ಆದರೆ ಸಿಮ್ ಬದಲಾಯಿಸಿದ ಮೇಲೆ, ವಂಚನೆ ತಡೆಯಲೆಂದು, 24 ಗಂಟೆ ಎಸ್‌ಎಂಎಸ್ ನಿಲ್ಲಿಸುತ್ತಾರೆ. 20ರ ಬೆಳಿಗ್ಗೆ ಫೋನು ಕಳೆದರೆ ಆ ದಿನದ ಓಟಿಪಿಗಳೆಲ್ಲ ಮುಗಿದಂತೆಯೇ.

ಹಾಗಾಗಿ ಒಬ್ಬೊಬ್ಬ ಗಿರಾಕಿಯ ನಂಬರನ್ನೂ ಅವರದ್ದೇ ಮೊಬೈಲಿಗೆ ಬದಲಾಯಿಸುವ ಕೆಲಸ ಹಿಡಿದೆವು. ಜಿಎಸ್‌ಟಿ ಪೋರ್ಟಲಿನಲ್ಲಿ `Services > Registration > Amendment of Registration Non-Core Fields` ಒಳಗೆ ಹೋಗಿ, ಅಧಿಕೃತ ಸಹಿದಾರರ ಪುಟದಲ್ಲಿ ತಿದ್ದಬೇಕು. ಹೊಸ ಮೊಬೈಲಿಗೂ ಇಮೇಲಿಗೂ ಓಟಿಪಿ ಹೋಗುತ್ತದೆ, ಕೊನೆಗೆ ಡಿಜಿಟಲ್ ಸಹಿಯೋ ಓಟಿಪಿಯೋ ಕೊಟ್ಟು ಸಲ್ಲಿಸಬೇಕು. ಅಧಿಕಾರಿಯ ಒಪ್ಪಿಗೆ ಬೇಡ. ಹಳೆಯ ನಂಬರ್ ಕೈಯಲ್ಲಿ ಇರುವಾಗ ಇದು ಸುಲಭ. ಅದೇ ಹಳೆಯ ನಂಬರೂ ಇಮೇಲೂ ಇಲ್ಲವಾಗಿದ್ದರೆ, ಗಿರಾಕಿಯೇ ಗುರುತಿನ ದಾಖಲೆ, ವ್ಯವಹಾರದ ದಾಖಲೆ ಹಿಡಿದು ತಮ್ಮ ವ್ಯಾಪ್ತಿಯ ಜಿಎಸ್‌ಟಿ ಅಧಿಕಾರಿಯ ಬಳಿ ಹೋಗಬೇಕು. ಅವರು ಪರಿಶೀಲಿಸಿ ಹೊಸ ನಂಬರ್ ಹಾಕಿದ ಮೇಲೆ ಪಾಸ್‌ವರ್ಡ್ ಹೊಸದಾಗಿ ಬರುತ್ತದೆ. ನಮ್ಮ ಗಿರಾಕಿಯೊಬ್ಬರದ್ದು ಹೀಗೆಯೇ ಆಯಿತು. ಹಿಂದೆ ಬಿಟ್ಟುಹೋದ ಯಾರದೋ ನಂಬರ್ ಅದರಲ್ಲಿತ್ತು. ಕಾದು ಕಾದು ಕೆಲಸ ಆಗುವ ಹೊತ್ತಿಗೆ ಆ ತಿಂಗಳ ರಿಟರ್ನ್ ತಡವಾಗಿತ್ತು. ತಡ ಶುಲ್ಕ ನಾವೇ ಕಟ್ಟಿದೆವು.

ಎಲ್ಲ ಗಿರಾಕಿಗಳೂ ಒಪ್ಪಲಿಲ್ಲ. ‘ಇಷ್ಟು ವರ್ಷ ನೀವೇ ನೋಡ್ಕೊಂಡ್ರಲ್ಲ ಮಾರಾಯ್ರೆ, ಈಗ ನನಗ್ಯಾಕೆ ಈ ಓಟಿಪಿ ಗೋಳು’ ಅಂತ ಒಬ್ಬ ಮಂಡಿ ಸಾಹುಕಾರರು ಸಿಟ್ಟಾದರು. ಅವರ ಮಗನನ್ನು ಎರಡನೇ ಅಧಿಕೃತ ಸಹಿದಾರನಾಗಿ ಸೇರಿಸಿದ ಮೇಲೆ ಸಮಾಧಾನವಾಯಿತು. ಎರಡನೇ ಸಹಿದಾರ ಇರುವುದು ಗಿರಾಕಿಗೂ ಒಳ್ಳೆಯದು, ಯಜಮಾನರು ಆಸ್ಪತ್ರೆಯಲ್ಲಿದ್ದರೂ ರಿಟರ್ನ್ ನಿಲ್ಲುವುದಿಲ್ಲ. ಇ-ವೇ ಬಿಲ್ ಪೋರ್ಟಲಿನಲ್ಲಿ ಇನ್ನೂ ಸುಲಭ. ಅಲ್ಲಿ ಉಪ-ಬಳಕೆದಾರರನ್ನು ಮಾಡಿಕೊಟ್ಟರೆ ಅವರವರ ಮೊಬೈಲಿಗೇ ಓಟಿಪಿ ಬರುತ್ತದೆ.

ಡಿಜಿಟಲ್ ಸಹಿಯ ಟೋಕನ್‌ಗಳದ್ದು ಬೇರೆಯೇ ವಿಷಯ. ನಮ್ಮ ಡ್ರಾಯರಿನಲ್ಲಿ ಗಿರಾಕಿಗಳ ಟೋಕನ್‌ಗಳಿದ್ದವು. ಅದು ಆ ವ್ಯಕ್ತಿಯ ಸಹಿ, ನಮ್ಮ ಆಫೀಸಿನ ಆಸ್ತಿಯಲ್ಲ. ಪಟ್ಟಿ ಮಾಡಿ, ರಸೀತಿ ಪಡೆದು ಎಲ್ಲವನ್ನೂ ಹಿಂದಿರುಗಿಸಿದೆವು. ನಮ್ಮ ಸ್ವಂತ ಟೋಕನ್‌ಗಳ ಅವಧಿ ಮುಗಿಯುವ ತಾರೀಖನ್ನು ಮಾತ್ರ ಕ್ಯಾಲೆಂಡರಿನಲ್ಲಿ ಎರಡು ತಿಂಗಳು ಮುಂಚಿತವಾಗಿ ಗುರುತು ಹಾಕಿದ್ದೇವೆ. ಪಾಸ್‌ವರ್ಡ್ ಹಲವು ಸಲ ತಪ್ಪಾಗಿ ಹೊಡೆದರೆ ಟೋಕನ್ ಲಾಕ್ ಆಗುತ್ತದೆ. ಗಡಿಬಿಡಿಯಲ್ಲಿ ಊಹೆ ಮಾಡಿ ಹೊಡೆಯಬೇಡಿ ಅಂತ ಯೋಜನೆಯಲ್ಲೇ ದಪ್ಪಕ್ಷರದಲ್ಲಿ ಬರೆದಿದ್ದೇವೆ.

ಉಳಿದ ಪಾಸ್‌ವರ್ಡ್‌ಗಳು ಅಕ್ಕನ ಡೈರಿಯಿಂದ ಕೀಪಾಸ್ ಅನ್ನುವ ಉಚಿತ ತಂತ್ರಾಂಶದ ಕಡತಕ್ಕೆ ಹೋದವು. ಅದರ ಮುಖ್ಯ ಪಾಸ್‌ವರ್ಡ್ ಅರಗು ಹಾಕಿದ ಲಕೋಟೆಯಲ್ಲಿದೆ, ಲಕೋಟೆ ಒಡೆಯಬಲ್ಲವರು ಇಬ್ಬರು. ಹಾಗೆ ಬರೆಯುತ್ತಾ ಹೋದಾಗಲೇ ತಿಳಿದದ್ದು, ಒಬ್ಬ ಗಿರಾಕಿಯ ಟ್ಯಾಲಿ ಡೇಟಾಗೆ ಟ್ಯಾಲಿವಾಲ್ಟ್ ಪಾಸ್‌ವರ್ಡ್ ಇದೆ, ಅದು ಅಕ್ಕನ ನೆನಪಿನಲ್ಲಷ್ಟೇ ಇದೆ ಅಂತ. ಆ ಪಾಸ್‌ವರ್ಡ್ ಮರೆತರೆ ಡೇಟಾ ತೆರೆಯಲು ಬೇರೆ ದಾರಿಯೇ ಇಲ್ಲ. ಎಷ್ಟು ಬ್ಯಾಕಪ್ ಇದ್ದರೂ ಅಷ್ಟೇ.

ಕೆಲಸ ಕಲಿಸುವ ಬಗೆ ಮಾತ್ರ ಅಕ್ಕನೇ ಹೇಳಿಕೊಟ್ಟರು. ‘ನಾನು ಮಾಡಿ ತೋರಿಸಿದರೆ ಅವರು ತಲೆಯಾಡಿಸುತ್ತಾರೆ. ಅವರು ಮಾಡಲಿ, ನಾನು ಹಿಂದೆ ಕೂತು ಬಾಯಿ ಬಿಡುವುದಿಲ್ಲ. ಎಲ್ಲಿ ನಿಲ್ಲುತ್ತಾರೋ ಅದನ್ನು ಬರೆಯೋಣ’ ಅಂದರು. ಒಂದು ತಿಂಗಳ ರಿಟರ್ನ್‌ಗಳನ್ನು ಹಾಗೆಯೇ ಮಾಡಿದೆವು. ನಿಂತ ಜಾಗಗಳು ಸಾಫ್ಟ್‌ವೇರಿನವಲ್ಲ. ಯಾವ ಅಂಗಡಿಯವರು ಖರೀದಿ ಬಿಲ್ಲು 9ಕ್ಕೆ ಮುಂಚೆ ಕೊಡುವುದಿಲ್ಲ, ಯಾರಿಗೆ ರಾತ್ರಿ ಎಂಟರ ಮೇಲೆ ಫೋನ್ ಮಾಡಬೇಕು, ಯಾವ ಗುತ್ತಿಗೆದಾರನ ಬಿಲ್ಲಿನಲ್ಲಿ ಟಿಡಿಎಸ್ ಎರಡು ಬಾರಿ ಹಿಡಿದಿರುತ್ತಾರೆ, ಇಂಥವು. ಪ್ರತಿ ಗಿರಾಕಿಗೆ ಅರ್ಧ ಪುಟದಂತೆ ಅವು ಈಗ ಒಂದು ನೋಟ್‌ಬುಕ್ಕಿನಲ್ಲಿವೆ. ನನ್ನ ದೃಷ್ಟಿಯಲ್ಲಿ ಇಡೀ ಯೋಜನೆಯಲ್ಲಿ ಅತಿ ಬೆಲೆಬಾಳುವ ವಸ್ತು ಅದೇ.

ಇಷ್ಟನ್ನೂ ಹನ್ನೊಂದು ಪುಟಗಳಲ್ಲಿ ಬರೆದು ಕಂಪನಿಗೆ ಕಳಿಸಿದರೆ, ಕೆಲವು ದಿನ ಬಿಟ್ಟು ಹಿಂದಕ್ಕೆ ಬಂತು. ‘ಮೂರೂ ಒಟ್ಟಿಗೆ ಆದರೆ?’ ಅಂತ ಒಂದೇ ಸಾಲು. ಮೊದಲು ಬೇಜಾರಾಯಿತು. ಯೋಚಿಸಿದಾಗ ಸರಿ ಅನ್ನಿಸಿತು. ಮಲೆನಾಡಿನ ಮಳೆಯಲ್ಲಿ ಕರೆಂಟು ಹೋದ ದಿನವೇ ಬಸ್ಸೂ ಬರುವುದಿಲ್ಲ, ಫೋನೂ ಸಿಗುವುದಿಲ್ಲ.

ಜೂನ್ 17ಕ್ಕೆ ಪೂರ್ತಿ ತಾಲೀಮು ಇಟ್ಟುಕೊಂಡೆವು, ಏನಾದರೂ ಎಡವಟ್ಟಾದರೂ 20ಕ್ಕೆ ಮೂರು ದಿನ ಇರುತ್ತದಲ್ಲ ಅಂತ. ಅಕ್ಕನಿಗೆ ಸಂಬಳ ಸಹಿತ ರಜೆ, ಫೋನ್ ಆಫ್. ಬೆಳಿಗ್ಗೆ ಹತ್ತಕ್ಕೆ ಮೇನ್ ಸ್ವಿಚ್ ಆರಿಸಿದೆವು, ಸರ್ವರಿನ ಪ್ಲಗ್ ಕಿತ್ತೆವು. ಮನೆಯಲ್ಲಿದ್ದ ಡಿಸ್ಕು, ಚೀಲದಲ್ಲಿದ್ದ ಲ್ಯಾಪ್‌ಟಾಪು, ಎರಡನೇ ಸಿಮ್ ಇಷ್ಟರಲ್ಲಿ ಒಂದು ಕಂಪನಿಯ 3ಬಿ ಸಲ್ಲಿಸಬೇಕು ಅನ್ನುವುದು ಗುರಿ. ಡೇಟಾ ಹನ್ನೊಂದಕ್ಕೆಲ್ಲ ಬಂತು. ಲೈಸೆನ್ಸ್ ಬಂತು. ಲೆಕ್ಕ ಮಧ್ಯಾಹ್ನಕ್ಕೆ ತಾಳೆಯಾಯಿತು. ಆಮೇಲೆ ಕಂಪನಿಯ ನಿರ್ದೇಶಕರು ಟೋಕನ್ ತಂದು ಚುಚ್ಚಿದರೆ ಲ್ಯಾಪ್‌ಟಾಪು ಗುರುತಿಸಲೇ ಇಲ್ಲ. ಟೋಕನ್ನಿನ ಡ್ರೈವರ್ ಇರಲಿಲ್ಲ, ಪೋರ್ಟಲಿನಲ್ಲಿ ಸಹಿ ಹಾಕಲು ಬೇಕಾದ ಎಮ್‌ಸೈನರ್ ತಂತ್ರಾಂಶವೂ ಇರಲಿಲ್ಲ. ಮಂದವಾದ ಮೊಬೈಲ್ ಡೇಟಾದಲ್ಲಿ ಅವನ್ನು ಇಳಿಸಿ ಹಾಕುವುದರಲ್ಲಿ ಎರಡು ಗಂಟೆ ಹೋಯಿತು. ನಿರ್ದೇಶಕರು ಪಾಪ ಕಾಫಿ ಕುಡಿಯುತ್ತಾ ಕಾದರು. ನಾಲ್ಕೂವರೆಗೆ ರಿಟರ್ನ್ ಹೋಯಿತು, ಸ್ವೀಕೃತಿ ಸಂಖ್ಯೆ ಬಂದಾಗ ನಮ್ಮ ಹುಡುಗರು ಚಪ್ಪಾಳೆ ಹೊಡೆದರು. ಆ ಡ್ರೈವರುಗಳೆಲ್ಲ ಈಗ ಎರಡೂ ಡಿಸ್ಕುಗಳ `Setup` ಫೋಲ್ಡರಿನಲ್ಲಿವೆ, ಚೀಲದ ಲ್ಯಾಪ್‌ಟಾಪಿನಲ್ಲಿ ಮೊದಲೇ ಹಾಕಿವೆ.

ಆ ದಿನದ ದಾಖಲೆಯಲ್ಲಿ ಯಾವ ಗಂಟೆಗೆ ಏನಾಯಿತು, ಎಲ್ಲಿ ನಿಂತಿತು, ಯಾರು ಸರಿಮಾಡಿದರು ಅಂತ ಒಂದೂವರೆ ಪುಟ ಬರೆದು, ಎಲ್ಲರೂ ಸಹಿ ಹಾಕಿ ಕಳಿಸಿದೆವು. ಡ್ರೈವರ್ ವಿಷಯ ಬರೆಯಬೇಕೋ ಬೇಡವೋ ಅಂತ ಅಳುಕಿತ್ತು. ಬರೆದದ್ದೇ ಒಳ್ಳೆಯದಾಯಿತು. ‘ನಿಂತ ಜಾಗ ತೋರಿಸಿದ್ದಕ್ಕೇ ಇದು ನಿಜವಾದ ತಾಲೀಮು ಅಂತ ಗೊತ್ತಾಯಿತು’ ಅಂತ ಅವರ ಆಡಿಟರ್ ಫೋನಿನಲ್ಲಿ ಹೇಳಿದರು. ಜುಲೈನಲ್ಲಿ ಒಪ್ಪಂದ ಮುಂದುವರಿಯಿತು.

ಖರ್ಚು ಕೇಳುವವರಿಗೆ: ಹಳೆಯದನ್ನು ಕೊಟ್ಟು ಹೊಸ ಇನ್ವರ್ಟರ್ ಬ್ಯಾಟರಿಗೆ 16,000, ಎರಡು ಡಿಸ್ಕಿಗೆ 9,000, ಯುಪಿಎಸ್ ಬ್ಯಾಟರಿಗಳಿಗೆ 2,200, ವೈರಿಂಗಿಗೆ 3,500, ಕ್ಲೌಡಿಗೆ ವರ್ಷಕ್ಕೆ 1,300. ಒಟ್ಟು 32,000 ರೂಪಾಯಿ. ಜನರೇಟರ್ ತರುವ ಯೋಚನೆಯೂ ಇತ್ತು. ಹೊಗೆಗೆ ಕಟ್ಟಡದ ಮಾಲೀಕರು ಒಪ್ಪಲಿಲ್ಲ. ನಮ್ಮ ಲೋಡಿಗೆ ಅದರ ಅಗತ್ಯವೂ ಕಾಣಲಿಲ್ಲ.

ಒಂದು ಕೆಲಸ ಇನ್ನೂ ಉಳಿದಿದೆ, ಅದು ನನ್ನದೇ ಸಾಲಿನದು. ಆಫೀಸಿನ ಬ್ಯಾಂಕ್ ಖಾತೆ ನನ್ನ ಒಬ್ಬರ ಸಹಿಯಲ್ಲಿದೆ. ನಾನು ಹಾಸಿಗೆ ಹಿಡಿದರೆ ಸಂಬಳ ನಿಲ್ಲುತ್ತದೆ. ಮನೆಯವರಿಗೆ ಖಾತೆ ನಡೆಸುವ ಮ್ಯಾಂಡೇಟ್ ಕೊಡುವ ಅರ್ಜಿ ಬ್ಯಾಂಕಿನಲ್ಲಿದೆ, ಸಹಿ ಹೊಂದುತ್ತಿಲ್ಲ ಅಂತ ಒಮ್ಮೆ ವಾಪಸಾಗಿ ಮತ್ತೆ ಹೋಗಿದೆ. ಅದು ನಾನು ಬದುಕಿರುವವರೆಗೆ ಮಾತ್ರ ನಡೆಯುತ್ತದೆ, ಆಮೇಲೆ ನಾಮಿನಿಯ ದಾರಿಯೇ ಬೇರೆ ಅಂತ ಮ್ಯಾನೇಜರ್ ವಿವರಿಸಿದರು. ಆ ಮಧ್ಯದ ಒಂದು ತಿಂಗಳ ಸಂಬಳದ ಮೊತ್ತವನ್ನು ಬೇರೆ ಜಂಟಿ ಖಾತೆಯಲ್ಲಿ ಇಡೋಣ ಅಂತ ಅಕ್ಕ ಸಲಹೆ ಕೊಟ್ಟಿದ್ದಾರೆ. ಆ ಖಾತೆಯ ಅರ್ಜಿ ತುಂಬಿ ಇಟ್ಟಿದ್ದೇನೆ. ಮುಂದಿನ ತಾಲೀಮು ಅಕ್ಟೋಬರ್‌ನಲ್ಲಿ, ಆ ಸಲ ರಜೆಯ ಸರದಿ ನನ್ನದು.